ಕೊಪ್ಪರಿಗೆಯ ಡೆಪಾಸಿಟ್ಟು

ನನಗೆ ಕೋಪ ಬೇಗ ಬರುತ್ತದೆ. ಮುಳಬಾಗಿಲಿನ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕೂತವಳಿಗೆ ಕೋಪ ಬಾರದೆ ಇನ್ನೇನು ಬರಬೇಕು? ಮಿರಮಿರ ಮಿನುಗುತ್ತಾ ಹೋದ ಬಕೆಟ್ಟು ಸೊಟ್ಟಗಾಗಿ ವಾಪಸ್ ಬರುತ್ತದೆ. ಕೇಳಿದರೆ, 'ಹೋಗುವಾಗಲೇ ಹಂಗಿತ್ತು' ಅನ್ನುತ್ತಾರೆ. ಹನ್ನೆರಡು ಸೌಟು ಹೋಗಿ ಹದಿಮೂರು ಬಂದಿದ್ದೂ ಉಂಟು. ಹದಿಮೂರನೆಯದು ಯಾರ ಮನೆಯದೋ, ಅದನ್ನು ಹುಡುಕಿಕೊಂಡು ಬಂದವರಿಗೂ ನಾನೇ ಉತ್ತರ ಕೊಡಬೇಕು. ಒಂದು ಸಲ ತಿಳಿಸಾರಿನ ದಬರಿ ತಳದಲ್ಲಿ ಯಾರದೋ ಕಾಲುಂಗುರ ಸಿಕ್ಕಿತ್ತು. ಅದರ ಕತೆ ಬೇಡ ಬಿಡಿ.

ಈ ಅಂಗಡಿ ಮೊದಲು ನಮ್ಮಪ್ಪನದು. ಅಪ್ಪನಿಗೆ ಡೆಪಾಸಿಟ್ಟು ಕೇಳುವುದೆಂದರೆ ನಾಚಿಕೆ. 'ಮದುವೆ ಮನೆಯವರ ಹತ್ರ ಹೆಂಗಮ್ಮಾ ಕೇಳೋದು, ಅವರೇ ಕಷ್ಟದಲ್ಲಿರ್ತಾರೆ' ಅನ್ನುತ್ತಿದ್ದರು. ಪಾತ್ರೆಗಳಿಗೆ ಈ ಮಾತು ಕೇಳಿಸುತ್ತಿತ್ತೋ ಏನೋ, ಒಂದೊಂದಾಗಿ ಹೋದವು ಹೋದ ಕಡೆಯೇ ಇದ್ದುಬಿಟ್ಟವು. ಬೈರಕೂರಿನ ಕಡೆ ಒಂದು ಮನೆಯಲ್ಲಿ ನಮ್ಮ ದಬರಿಯಲ್ಲಿ ಎಮ್ಮೆಗೆ ಕಲಗಚ್ಚು ಇಟ್ಟಿದ್ದನ್ನು ನಾನೇ ಕಣ್ಣಾರೆ ಕಂಡೆ. ಅವತ್ತು ಮನೆಗೆ ಬಂದು ಅಪ್ಪನ ಕೈಯಿಂದ ಬಿಲ್ ಪುಸ್ತಕ ಕಿತ್ತುಕೊಂಡವಳು ಇವತ್ತಿನವರೆಗೂ ವಾಪಸ್ ಕೊಟ್ಟಿಲ್ಲ.

ನನ್ನ ಪದ್ಧತಿ ಬಲು ಸರಳ. ಬಾಡಿಗೆ ಬೇರೆ, ಡೆಪಾಸಿಟ್ಟು ಬೇರೆ. ಬಾಡಿಗೆ ನನ್ನದು, ಡೆಪಾಸಿಟ್ಟು ನಿಮ್ಮದು, ನನ್ನ ಹತ್ತಿರ ಸುಮ್ಮನೆ ಕೂತಿರುತ್ತದೆ ಅಷ್ಟೇ. ಪಾತ್ರೆ ಹೋಗುವಾಗ ಪ್ರತಿಯೊಂದನ್ನೂ ಗಿರಾಕಿಯ ಕಣ್ಣೆದುರಿಗೇ ತಿರುಗಿಸಿ ತೋರಿಸಿ, ಎಲ್ಲಿ ಸೊಟ್ಟ, ಎಲ್ಲಿ ಬೆಸುಗೆ ಎಂದು ಬಿಲ್ಲಿನಲ್ಲಿ ಬರೆದು ಸಹಿ ಹಾಕಿಸುತ್ತೇನೆ. ಒಂದು ಕಾಪಿ ಅವರಿಗೆ, ಒಂದು ನನಗೆ. ಬರುವಾಗ ಅದೇ ಬಿಲ್ಲು ಹಿಡಿದು ಎಣಿಸುತ್ತೇನೆ. ಕಳೆದಿದ್ದರೆ ಅದರ ಬೆಲೆ, ಹಿಡಿ ಮುರಿದಿದ್ದರೆ ಬೆಸುಗೆಯ ಖರ್ಚು, ತೊಳೆಯದೆ ತಂದಿದ್ದರೆ ತೊಳೆಸುವ ಕೂಲಿ. ಅದನ್ನು ಹಿಡಿದುಕೊಂಡು ಮಿಕ್ಕಿದ್ದನ್ನು ಅಲ್ಲೇ, ಆಗಲೇ ಎಣಿಸಿ ಕೊಡುತ್ತೇನೆ. ಏನೂ ಆಗಿಲ್ಲದಿದ್ದರೆ ಪೂರ್ತಿ ಡೆಪಾಸಿಟ್ಟು, ಮೇಲೊಂದು ಲೋಟ ಟೀ. ಡೆಪಾಸಿಟ್ಟು ಎಂದರೆ ಪಾತ್ರೆಯ ಬೆಲೆಯಲ್ಲ. ಎಲ್ಲಾ ಪಾತ್ರೆಯ ಬೆಲೆ ಕೇಳಿದರೆ ಯಾರು ತಾನೇ ಕೊಡುತ್ತಾರೆ? ಅದು ಹಸುವಿನ ಕೊರಳಿನ ಹಗ್ಗ ಇದ್ದ ಹಾಗೆ, ಸಂಜೆ ಮನೆಗೆ ಬರಲಿ ಎಂದು.

ಇನ್ನೊಂದು ನಿಯಮವಿದೆ. ಹೊಸ ಪಾತ್ರೆ ಬಂದ ಕೂಡಲೇ ಕಂಠದ ಕೆಳಗೆ ನಮ್ಮ ಅಂಗಡಿಯ ಅಕ್ಷರ, ನಂಬರು ಹೊಡೆಸಬೇಕು. ಮಾರ್ಕು ಇಲ್ಲದ ಪಾತ್ರೆ ಅಂಗಡಿ ಬಿಟ್ಟು ಹೊರಡಬಾರದು. ಈ ನಿಯಮವನ್ನು ಮಾಡಿದವಳು ನಾನು. ಮುರಿದವಳೂ ನಾನೇ.

ಎರಡು ವರ್ಷದ ಹಿಂದಿನ ಮಾತು. ಮುಹೂರ್ತಗಳೆಲ್ಲಾ ಒಂದರ ಮೇಲೊಂದು ಬಿದ್ದಿದ್ದವು. ಆ ವಾರವೇ ನಾನು ಹೊಸ ಸೆಟ್ಟು ತಂದಿದ್ದೆ. ಸೌಟು, ಜಾಲರಿ, ಬಡಿಸುವ ಬಕೆಟ್ಟು, ಮುಚ್ಚಳ ಎಲ್ಲಾ ಸೇರಿ ಹದಿನೆಂಟು. ಹತ್ತೊಂಬತ್ತನೆಯದು ಕೊಪ್ಪರಿಗೆ. ಅಯ್ಯೋ, ಆ ಕೊಪ್ಪರಿಗೆಯನ್ನು ಏನೆಂದು ಹೇಳಲಿ! ಹನ್ನೆರಡು ಕೆಜಿ ಗಟ್ಟಿ ಹಿತ್ತಾಳೆ, ಒಳಗೆ ಬೆಳ್ಳಗೆ ಹೊಸ ಕಲಾಯಿ, ಎರಡು ಕಡೆ ಕಿವಿಯಂಥ ಹಿಡಿ. ಒಂಬತ್ತು ಸಾವಿರದ ಆರುನೂರು ಕೊಟ್ಟಿದ್ದೆ. ಇಡೀ ಜಿಲ್ಲೆಯ ಪಾಯಸವೆಲ್ಲಾ ಇನ್ನು ಮೇಲೆ ನನ್ನ ಕೊಪ್ಪರಿಗೆಯಲ್ಲೇ ಬೇಯಬೇಕು ಅನ್ನುವಷ್ಟು ಜಂಬ ನನಗೆ. ಮಾರ್ಕು ಹೊಡೆಯುವವನು ನಾಳೆ ಬರುತ್ತೇನೆ, ನಾಡಿದ್ದು ಬರುತ್ತೇನೆ ಎಂದು ಆಟ ಆಡಿಸುತ್ತಿದ್ದ.

ಅಷ್ಟರಲ್ಲಿ ಬಂದರು ಡೇರಿ ಅಣ್ಣ. ಬೈರಕೂರಿನ ಹತ್ತಿರದ ಒಂದು ಹಳ್ಳಿಯ ಹಾಲಿನ ಡೇರಿಯಲ್ಲಿ ಹಾಲು ಅಳೆದು, ಫ್ಯಾಟು ನೋಡಿ ಬರೆದುಕೊಳ್ಳುವ ಕೆಲಸ ಅವರದು. ನೀರು ಬೆರೆಸಿದವರಿಗೆ 'ಡಿಗ್ರಿ ಬಂದಿಲ್ಲ' ಎಂದು ಮುಖ ನೋಡದೆ ದುಡ್ಡು ಕಡಿಮೆ ಮಾಡುವ ಮನುಷ್ಯ. ಸ್ವಂತ ಮಾವನ ಹಾಲಿಗೂ ಡಿಗ್ರಿ ಬಂದಿಲ್ಲ ಅಂದಿದ್ದರಂತೆ. ಹಾಗಾಗಿ ನನಗೆ ಅವರೆಂದರೆ ಒಳಗೊಳಗೇ ಗೌರವ. ನಮ್ಮ ಜಾತಿಯವರೇ ಅನ್ನಿಸುತ್ತಿತ್ತು, ಕಟ್ ಮಾಡುವ ಜಾತಿ.

"ನಮ್ಮ ಅಕ್ಕನ ಮಗಳ ಮದುವೆ ಕಣಮ್ಮಾ," ಅಂದರು. "ಶ್ರೀನಿವಾಸಪುರ ರೋಡಲ್ಲಿ ಅವರ ಊರು. ಪಾತ್ರೆ ಖರ್ಚು ನಂದು ಅಂತ ಹೇಳಿಬಿಟ್ಟಿದೀನಿ. ಒಳ್ಳೇ ಸೆಟ್ ಕೊಡಿ. ಅಕ್ಕನ ಅತ್ತೆ ಕಣ್ಣಿಗೆ ಎಲ್ಲಾ ಕಾಣುತ್ತೆ."

ಆ ಅತ್ತೆಯ ವಿಷಯವನ್ನು ಅವರೇ ಹೇಳಿದರು. ಅಕ್ಕ ಮದುವೆಯಾಗಿ ಹೋದ ದಿನದಿಂದ ಆ ಮುದುಕಿ, 'ನಿನ್ನ ತವರಿನೋರು ಏನು ತುಂಬಿ ಕಳಿಸಿದ್ರು' ಎಂದು ಕೇಳುತ್ತಲೇ ಇದ್ದಾಳೆ. ಅಪ್ಪ ಅಮ್ಮ ತೀರಿಕೊಂಡ ಮೇಲೆ ತವರು ಎಂದರೆ ಈ ತಮ್ಮ ಒಬ್ಬನೇ. ಈಗ ಸೋದರಮಾವನಾಗಿ ಏನು ಕೊಡುತ್ತಾನೆ ಎಂದು ಇಡೀ ಊರೇ ಕಾಯುತ್ತಿದೆ. ಅವರ ಕೈಲಾಗಿದ್ದು ಒಂದು ಸ್ಟೀಲ್ ಕೊಡ, ಒಂದು ತಟ್ಟೆ, ಒಂದು ಚೊಂಬು.

ಬಾಡಿಗೆ ಕಟ್ಟಿದರು. ಡೆಪಾಸಿಟ್ಟು ಐದು ಸಾವಿರ ಅಂದೆ. ಚೌಕಾಸಿ ಮಾಡದೆ ಎಣಿಸಿ ಇಟ್ಟರು. ಮಾರ್ಕು ಇಲ್ಲದ ಸೆಟ್ಟು ಕಳಿಸಬಾರದು ಎಂದು ಮನಸ್ಸು ಹೇಳಿತು. ಆದರೆ ಡಿಗ್ರಿ ನೋಡುವ ಮನುಷ್ಯ, ಎಲ್ಲಿಗೆ ಹೋಗುತ್ತದೆ ಎಂದು ಹಳೇ ದಬರಿಗಳ ಜೊತೆಗೆ ಹೊಸ ಸೆಟ್ಟನ್ನೂ ಲಗೇಜ್ ಆಟೋಗೆ ಹಾಕಿಸಿದೆ. ಬಿಲ್ಲಿನಲ್ಲಿ 'ಕೊಪ್ಪರಿಗೆ ಒಂದು, ಹೊಸದು, ಎಲ್ಲೂ ಸೊಟ್ಟ ಇಲ್ಲ' ಎಂದು ಬರೆದು ಸಹಿ ಹಾಕಿಸಿಕೊಂಡೆ.

ನಾಲ್ಕನೇ ದಿನ ಬೆಳಿಗ್ಗೆ ಆಟೋ ಬಂತು. ಹಿಂದೆಯೇ ಅಣ್ಣನೂ ಇಳಿದರು. ಮುಖ ನೋಡಿದರೆ ಪರೀಕ್ಷೆಯಲ್ಲಿ ಫೇಲಾದವರ ಹಾಗಿತ್ತು. ಅಪ್ಪ ಎಂದಿನಂತೆ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ನಾನು ಬಿಲ್ಲು ತೆಗೆದು ಎಣಿಸಲು ಶುರು ಮಾಡಿದೆ. ಹಳೇ ದಬರಿ ಆರು, ಸರಿ. ಸೌಟು ಒಂದು ಎಂದು ಕೈಗೆತ್ತಿಕೊಂಡೆ. ಹಿಡಿಯ ಮೇಲೆ ಏನೋ ಕಂಡಿತು. ಬಿಸಿಲಿಗೆ ಹಿಡಿದು ಓದಿದೆ.

'ಸೋದರಮಾವನ ಪ್ರೀತಿಯ ಕಾಣಿಕೆ.'

ಇನ್ನೊಂದು ಸೌಟು ತೆಗೆದೆ. ಸೋದರಮಾವನ ಪ್ರೀತಿಯ ಕಾಣಿಕೆ. ಜಾಲರಿ, ಅದರ ಮೇಲೂ ಅದೇ. ಬಕೆಟ್ಟು, ಮುಚ್ಚಳ, ಅನ್ನ ಬಸಿಯುವ ತೂತಿನ ತಟ್ಟೆ, ಅದರಲ್ಲಂತೂ ತೂತುಗಳ ಮಧ್ಯೆ ಮಧ್ಯೆ ಜಾಗ ಹುಡುಕಿ ಹುಡುಕಿ ಬರೆದಿದ್ದ ಪುಣ್ಯಾತ್ಮ. ಹದಿನೆಂಟಕ್ಕೆ ಹದಿನೆಂಟೂ ಸೋದರಮಾವನ ಪ್ರೀತಿಯೇ!

"ಏನಣ್ಣಾ ಇದು?" ನನ್ನ ಗಂಟಲು ಬಸ್‌ಸ್ಟ್ಯಾಂಡಿಗೆ ಕೇಳಿಸಿರಬೇಕು. "ನಿಮ್ಮ ಪ್ರೀತೀನ ನನ್ನ ಸೌಟಿನ ಮೇಲೆ ಯಾಕೆ ಬರೆಸಿದ್ರಿ?"

ಆಗಿದ್ದು ಇಷ್ಟು. ಅವತ್ತು ಪಾತ್ರೆ ತುಂಬಿಕೊಂಡು ಹೋಗುವಾಗ ಬಜಾರಿನಲ್ಲಿ ಅವರು ಕೊಡ, ತಟ್ಟೆ, ಚೊಂಬು ಕೊಂಡು ಅದೇ ಆಟೋದಲ್ಲಿ ಇಟ್ಟರು. ಕೊಡುವ ಪಾತ್ರೆಯ ಮೇಲೆ ಹೆಸರು ಕೆತ್ತಿಸದಿದ್ದರೆ ನಮ್ಮ ಕಡೆ ಅದು ಕೊಟ್ಟಂತೆಯೇ ಅಲ್ಲ. ಹೆಸರು ಕೆತ್ತುವವನ ಮುಂದೆ ಆಟೋ ನಿಲ್ಲಿಸಿ, ಚೀಟಿಯಲ್ಲಿ ಒಕ್ಕಣೆ ಬರೆದುಕೊಟ್ಟು, "ಗಾಡೀಲಿರೋ ಹೊಸಾವಕ್ಕೆಲ್ಲಾ ಒಂದೇ ಸಮ ಹಾಕಿಬಿಡಪ್ಪ" ಎಂದು ಹೇಳಿ ಹೂವು ತರಲು ಹೋದರಂತೆ. ಅವನಿಗೆ ಅಕ್ಷರಕ್ಕೆ ಎರಡು ರೂಪಾಯಿ ಲೆಕ್ಕ. ಹೊಸಾವು ಅಂದರೆ ಹೊಸಾವು. ಗಾಡಿಯಲ್ಲಿ ಮಿನುಗಿದ್ದನ್ನೆಲ್ಲಾ ಹಿಡಿದು ಕುಟ್ಟಿದ್ದಾನೆ. ಮಸಿ ಹಿಡಿದ ಹಳೇ ದಬರಿಗಳನ್ನಷ್ಟೇ ಬಿಟ್ಟಿದ್ದಾನೆ. ಮದುವೆ ಜೋರಾಗಿರಬೇಕು ಎಂದು ಖುಷಿಯಾಗಿ ಕೊನೆಯಲ್ಲಿ ಒಂದು ಹೂವನ್ನೂ ಬಿಟ್ಟಿಯಾಗಿ ಬಿಡಿಸಿದ್ದಾನೆ.

"ಮೂರು ಪಾತ್ರೆಗೆ ಎಪ್ಪತ್ತೆರಡು ಆಗಬೇಕಿತ್ತು ಕಣಮ್ಮಾ. ಐನೂರ ಇಪ್ಪತ್ತೆಂಟು ಅಂದ. ಅಕ್ಷರದ ರೇಟು ಇಷ್ಟು ಏರ್ತಾ ಅಂತ ನೋಡಿದ್ರೆ, ಹಿಂಗೆ," ಎಂದು ಅಣ್ಣ ತಲೆ ತಗ್ಗಿಸಿದರು.

ಅಪ್ಪ ಕುರ್ಚಿಯಲ್ಲಿ ಕೂತಲ್ಲೇ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮುತ್ತಲೇ ನಕ್ಕರು. ನನಗೆ ಮೈಯೆಲ್ಲಾ ಉರಿಯಿತು. ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. ಉಜ್ಜಿಸಿ ಪಾಲಿಶ್ ಮಾಡಿಸಿ ಅಕ್ಷರ ಅಳಿಸಲು ಒಂದಕ್ಕೆ ನಲವತ್ತು ಎಂದರೂ ಏಳುನೂರ ಇಪ್ಪತ್ತು. ಒಂದು ಜಾಲರಿಯ ಹಿಡಿ ಕಿತ್ತು ಬಂದಿತ್ತು, ಅದರ ಬೆಸುಗೆಗೆ ನೂರೈವತ್ತು. ಆಮೇಲೆ ಹತ್ತೊಂಬತ್ತನೇ ಸಾಲಿಗೆ ಬಂದೆ. ಕೊಪ್ಪರಿಗೆ ಒಂದು, ಹೊಸದು, ಎಲ್ಲೂ ಸೊಟ್ಟ ಇಲ್ಲ. ಆಟೋದೊಳಗೆ ನೋಡಿದೆ. ಆಟೋದ ಕೆಳಗೂ ನೋಡಿದೆ.

"ಕೊಪ್ಪರಿಗೆ ಎಲ್ಲಣ್ಣಾ?"

ಅಣ್ಣ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಕೊಪ್ಪರಿಗೆಯ ಹೊಟ್ಟೆಯ ಮೇಲೂ ಅಂಗೈ ಅಗಲದ ಅಕ್ಷರಗಳಲ್ಲಿ ಅದನ್ನೇ ಕೆತ್ತಲಾಗಿತ್ತು. ಮದುವೆ ಮನೆಯ ಹೆಂಗಸರು ಅದನ್ನು ಓದಿ, ಇಷ್ಟು ಹೊಸದನ್ನು ಒಲೆಯ ಮೇಲೆ ಇಡುತ್ತಾರೆಯೇ ಎಂದು ಅಡುಗೆಯವನ ಕೈಯಿಂದ ಕಿತ್ತುಕೊಂಡು, ಅರಿಶಿನ ಕುಂಕುಮ ಹಚ್ಚಿ ಉಡುಗೊರೆಗಳ ಸಾಲಿನಲ್ಲಿ ಇಟ್ಟರಂತೆ. ಅಡುಗೆಯವನು ಬೈದುಕೊಂಡು ಹಳೇ ದಬರಿಯಲ್ಲೇ ಪಾಯಸ ಮಾಡಿದ. ಇವರು ಹೂವಿನ ಹಾರಕ್ಕೆ ಓಡಾಡುತ್ತಿದ್ದವರು ಚಪ್ಪರಕ್ಕೆ ಬರುವಷ್ಟರಲ್ಲಿ ಮೈಕಿನಲ್ಲಿ ಮುಯ್ಯಿ ಓದುತ್ತಿದ್ದರು. 'ಸೋದರಮಾವನ ಕಡೆಯಿಂದ ಸ್ಟೀಲ್ ಕೊಡ ಒಂದು, ತಟ್ಟೆ ಒಂದು, ಚೊಂಬು ಒಂದು, ಹಿತ್ತಾಳೆ ಕೊಪ್ಪರಿಗೆ ಒಂದೂಊ.'

"ನಮ್ಮಕ್ಕನ ಅತ್ತೆ ಎದ್ದು ಬಂದು ಕೊಪ್ಪರಿಗೆಗೆ ಕೈಯಲ್ಲಿ ಬಾರಿಸಿ ನೋಡಿದ್ರಮ್ಮಾ. ಠಣ್ ಅಂತು. ಇಷ್ಟು ವರ್ಷಕ್ಕೆ ಮೊದಲನೇ ಸಲ ಬಾಯಿ ಮುಚ್ಕೊಂಡು ಹೋಗಿ ಕೂತ್ಕೊಂಡ್ರು. ನಮ್ಮಕ್ಕ ನನ್ನ ನೋಡಿದ್ಲು. ಆ ಮುಖ ನೋಡಿದ್ಮೇಲೆ ಅದು ಬಾಡಿಗೇದು ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?"

ಬೇರೆಯವರಾಗಿದ್ದರೆ ಆಗ ಕರಗುತ್ತಿದ್ದರೇನೋ. ನಾನು ಕರಗಲಿಲ್ಲ. ಭಾನುವಾರಕ್ಕೆ ಆ ಕೊಪ್ಪರಿಗೆ ಬುಕ್ಕಾಗಿತ್ತು.

"ಡೆಪಾಸಿಟ್ಟು ಪೂರ್ತಿ ಇಟ್ಕೊಳಿ," ಅಂದರು ಅಣ್ಣ.

"ಕೆತ್ತನೆ, ಬೆಸುಗೆ ಕಳೆದ್ರೆ ಕೊಪ್ಪರಿಗೆಗೆ ಅದು ಅರ್ಧಾನೂ ಆಗಲ್ಲ."

"ಮಿಕ್ಕಿದ್ದು ನಿಧಾನಕ್ಕೆ ಕೊಡ್ತೀನಿ."

"ನಾನು ಪಾತ್ರೆ ಮಾರೋಳಲ್ಲ ಅಣ್ಣಾ, ಬಾಡಿಗೆಗೆ ಕೊಡೋಳು. ನೀವು ತರದಿದ್ರೆ ನಾನೇ ಹೋಗಿ ತರ್ತೀನಿ."

"ಬೇಡಮ್ಮಾ, ಕೈ ಮುಗೀತೀನಿ. ಅಕ್ಕ ಮತ್ತೆ ಆ ಮನೇಲಿ ತಲೆ ಎತ್ತಂಗಿಲ್ಲ."

ಆಗ ನಮ್ಮಪ್ಪ ಕಣ್ಣೊರೆಸಿಕೊಂಡು, ಮೆಲ್ಲಗೆ ಒಂದು ಮಾತು ಕೇಳಿದರು. "ಅಮ್ಮಾ, ಆ ಸೆಟ್ಟಿಗೆ ಮಾರ್ಕು ಹೊಡೆಸಿದ್ಯೇನೇ?"

ನಾನು ಬಿಲ್ಲನ್ನು ನೋಡಿದೆ. ಸೌಟನ್ನು ನೋಡಿದೆ. ಮಾರ್ಕು ಇದ್ದಿದ್ದರೆ ಕೆತ್ತುವವನು ಕೈ ತಡೆಯುತ್ತಿದ್ದ, ಮದುವೆ ಮನೆಯ ಹೆಂಗಸರೂ ತಿಳಿದುಕೊಳ್ಳುತ್ತಿದ್ದರು. ಅಪ್ಪನಿಗೆ ನಾನು ಹತ್ತು ವರ್ಷದಿಂದ ಬುದ್ಧಿ ಹೇಳುತ್ತಾ ಬಂದಿದ್ದೆ. ಅದನ್ನೆಲ್ಲಾ ಒಂದೇ ಪ್ರಶ್ನೆಯಲ್ಲಿ ಬಡ್ಡಿ ಸಮೇತ ತೀರಿಸಿದರು. ನನಗೆ ನಾಚಿಕೆಯಾಯಿತು. ನಾಚಿಕೆಯಾದರೂ ನನಗೆ ಕೋಪವೇ ಬರುವುದು, ಏನು ಮಾಡಲಿ. "ಎಲ್ಲಾ ಲೆಕ್ಕ ಆಮೇಲೆ," ಎಂದು ಅಣ್ಣನನ್ನು ಅಲ್ಲೇ ಕೂರಿಸಿ, ಅದೇ ಲಗೇಜ್ ಆಟೋ ಹತ್ತಿ ಅವರ ಅಕ್ಕನ ಊರಿಗೆ ಹೊರಟೆ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. 'ನೋಡಿ ಅಜ್ಜಿ, ಇದು ನಮ್ಮ ಅಂಗಡೀದು, ಇಗೋ ಬಿಲ್ಲು, ಇಗೋ ಸಹಿ.' ಮಾವಿನ ತೋಪು ದಾಟಿ ಮನೆಯ ಮುಂದೆ ಇಳಿದರೆ, ಹಜಾರದ ನಟ್ಟನಡುವೆ ಸ್ಟೂಲಿನ ಮೇಲೆ ಕೂತಿದೆ ನನ್ನ ಕೊಪ್ಪರಿಗೆ! ಕುಂಕುಮ ಇಟ್ಟುಕೊಂಡು, ಹೂವು ಮುಡಿದುಕೊಂಡು, ಪಕ್ಕದ ಮನೆಯ ಮುತ್ತೈದೆಯ ಹಾಗೆ. ಅತ್ತೆ ಅದರ ಪಕ್ಕದಲ್ಲೇ ಕಾಲು ಚಾಚಿ ಕೂತಿದ್ದರು. ನಾನು ಯಾರೆಂದು ಕೇಳುವ ಮೊದಲೇ, "ಓದು ಬರುತ್ತೇನಮ್ಮಾ? ಅದೇನು ಬರೆದೈತೆ ಓದು," ಅಂದರು.

ಓದಿದೆ. ಇನ್ನೇನು ಮಾಡಲಿ?

"ನಮ್ಮ ಸೊಸೆ ತವರಿಂದು," ಎಂದು ಮುದುಕಿ ಗತ್ತಿನಿಂದ ಹೇಳಿದರು. "ಚೂಡು, ಎಂತ ಬರುವುಂದೋ! ಇಬ್ಬರು ಎತ್ತಬೇಕು." ಮುದುಕಿ ತೆಲುಗಿನಲ್ಲಿ ಭಾರವನ್ನು ಹೊಗಳುತ್ತಿದ್ದರೆ ನನ್ನ ಕೈಯಲ್ಲಿದ್ದ ಬಿಲ್ಲು ತಾನಾಗಿ ಮಡಚಿಕೊಂಡು ಬ್ಯಾಗಿನೊಳಕ್ಕೆ ಹೋಯಿತು.

ಒಳಗಿನಿಂದ ಅಕ್ಕ ಬಂದರು. ತೆಳ್ಳಗಿನ ಹೆಂಗಸು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನನ್ನನ್ನೊಮ್ಮೆ, ಹೊರಗೆ ನಿಂತ ಆಟೋವನ್ನೊಮ್ಮೆ ನೋಡಿದರು. "ಬಾರಮ್ಮಾ, ಹಿತ್ತಲಲ್ಲಿ ನೀರು ಕೊಡ್ತೀನಿ, ಕೈಕಾಲು ತೊಳ್ಕೋ," ಎಂದು ಕೈ ಹಿಡಿದು ಕರೆದುಕೊಂಡು ಹೋದರು. ಹಿತ್ತಲಲ್ಲಿ ನೀರೂ ಕೊಡಲಿಲ್ಲ, ಏನೂ ಕೊಡಲಿಲ್ಲ.

"ಪಾತ್ರೆ ಅಂಗಡಿಯೋರು ತಾನೆ?" ಎಂದು ಪಿಸುಗುಟ್ಟಿದರು. "ನೆನ್ನೆಯಿಂದ ಕಾಯ್ತಾ ಇದೀನಿ."

"ನಿಮಗೆ ಹೆಂಗೆ ಗೊತ್ತಾಯ್ತಕ್ಕಾ?" ಅಂದೆ.

"ಮೈಕಲ್ಲಿ ಓದಿದಾಗ್ಲೇ ಗೊತ್ತಾಯ್ತು ಕಣಮ್ಮಾ. ನನ್ನ ತಮ್ಮನ ಸಂಬಳ ನನಗೆ ಗೊತ್ತಿಲ್ವಾ? ಆಮೇಲೆ ಅಡುಗೆ ಮನೆಗೆ ಹೋದೆ. ಸಾರಿನ ಸೌಟಿನ ಮೇಲೂ ಸೋದರಮಾವನ ಪ್ರೀತಿಯ ಕಾಣಿಕೆ, ಅನ್ನದ ಜಾಲರಿ ಮೇಲೂ ಅದೇ. ಸೌಟು ಬಡಿಸೋರ ಕೈಯಿಂದ ಕಿತ್ಕೊಂಡು ಓದಿ, ಬಾಯಿಗೆ ಸೆರಗು ಇಟ್ಕೊಂಡು ನಕ್ಕೆ ನೋಡು, ಹೊಟ್ಟೆ ಹುಣ್ಣಾಗೋ ಹಂಗೆ. ನೋಡಿದೋರು ಮಗಳನ್ನ ಕಳಿಸಬೇಕಲ್ಲ ಅಂತ ಅಳ್ತಾವಳೆ ಅಂದ್ಕೊಂಡ್ರು."

ಈಗಲೂ ನಕ್ಕರು. ನಾನೂ ನಕ್ಕೆ. ಆಮೇಲೆ ಅಕ್ಕನ ಮುಖ ಸಣ್ಣಗಾಯಿತು.

"ಎಷ್ಟು ಡೆಪಾಸಿಟ್ ಕಟ್ಟವನೆ?"

"ಐದು ಸಾವಿರ ಅಕ್ಕಾ."

"ಡೇರೀಲಿ ಅಡ್ವಾನ್ಸ್ ತಗೊಂಡಿರ್ತಾನೆ. ಅದನ್ನ ಮುರ್ಕೋಬೇಡಮ್ಮಾ. ಕೊಪ್ಪರಿಗೆ ನಾನು ಕಳಿಸ್ತೀನಿ. ಆದ್ರೆ ನನಗೆ ಗೊತ್ತಾಗೈತೆ ಅಂತ ಅವನಿಗೆ ಹೇಳ್ಬೇಡ. ಅಕ್ಕ ನಂಬಿದ್ಲು ಅಂತಾನೇ ಇರ್ಲಿ."

ಹಜಾರಕ್ಕೆ ಬಂದವರೇ ಅಕ್ಕ ದನಿ ಎತ್ತಿ, "ಅತ್ತೇ, ಈಯಮ್ಮ ಮುಳಬಾಗಲಲ್ಲಿ ಪಾತ್ರೆ ಬಾಡಿಗೆ ಅಂಗಡಿ ಇಟ್ಟವ್ರೆ. ಬೀಗರ ಮನೇಲಿ ಜಾಗ ಇಲ್ಲ ಅಂತ ಕೊಪ್ಪರಿಗೆ ಇಲ್ಲೇ ಬಿಟ್ಟು ಹೋಗವ್ರಲ್ಲ, ಮನೇಲಿಟ್ಟು ಏನು ಮಾಡೋದು, ಪೂಜೆನಾ? ಬಾಡಿಗೆಗೆ ಬಿಡಾಣ. ಮದುವೆಗೊಂದಿಷ್ಟು ಬರುತ್ತೆ," ಅಂದರು.

ಮುದುಕಿ ಕಣ್ಣು ಕಿರಿದು ಮಾಡಿ ನನ್ನನ್ನು ಅಳೆದರು.

"ಕೊಟ್ಟು ಕಳಿಸಿದ್ರೆ ವಾಪಸ್ ಬರುತ್ತೆ ಅಂತ ಏನು ಗ್ಯಾರಂಟಿ?" ಅಂದರು. "ಡೆಪಾಸಿಟ್ ಇಡಕ್ಕೇಳು."

ದೇವರಾಣೆಗೂ ಹೇಳುತ್ತೇನೆ, ನನ್ನ ಕೊಪ್ಪರಿಗೆಯನ್ನು ನಾನೇ ತೆಗೆದುಕೊಂಡು ಬರಲು ಆ ಮುದುಕಿಯ ಕೈಗೆ ಐನೂರು ರೂಪಾಯಿ ಡೆಪಾಸಿಟ್ಟು ಇಟ್ಟು ಬಂದೆ. ಹೊರಡುವ ಮುನ್ನ ಮುದುಕಿ ಕೊಪ್ಪರಿಗೆಯನ್ನು ಸುತ್ತಲೂ ತಿರುಗಿಸಿ, "ಎಲ್ಲೂ ಸೊಟ್ಟ ಇಲ್ಲ, ನೋಡ್ಕೊಂಡಿದೀಯ ತಾನೆ?" ಎಂದು ನನ್ನನ್ನೇ ಕೇಳಿದರು. ಇಷ್ಟು ವರ್ಷ ಗಿರಾಕಿಗಳಿಗೆ ನನ್ನ ಮಾತು ಕೇಳಿದಾಗ ಹೇಗನ್ನಿಸುತ್ತಿತ್ತು ಎಂದು ಅವತ್ತು ತಿಳಿಯಿತು.

ಅಂಗಡಿಗೆ ಬಂದರೆ ಅಣ್ಣ ಇನ್ನೂ ಮೆಟ್ಟಿಲ ಮೇಲೇ ಇದ್ದರು. ಅಪ್ಪ ಕೊಡಿಸಿದ ಟೀ ತಣ್ಣಗಾಗಿ ಕೆನೆ ಕಟ್ಟಿತ್ತು. ಆಟೋದಲ್ಲಿ ಕೊಪ್ಪರಿಗೆ ನೋಡಿ ಬಿಳಿಚಿಕೊಂಡರು.

"ಹೇಳಿಬಿಟ್ರಾ?"

"ಏನೂ ಹೇಳಿಲ್ಲ. ಬಾಡಿಗೆಗೆ ಬಿಡಿ ಅಂತ ನಿಮ್ಮಕ್ಕನೇ ಕೊಟ್ಟು ಕಳಿಸಿದ್ರು. ಅವರದೇ ಅಂತ ತಿಳ್ಕೊಂಡವ್ರೆ."

ಅಣ್ಣನಿಗೆ ಉಸಿರು ಬಂತು. ಬಂದ ಉಸಿರು ಅರ್ಧಕ್ಕೇ ನಿಂತಿತು. "ಪೂರ್ತಿ ನಂಬವ್ಳಾ?" ಎಂದು ಕೇಳಿದರು. "ಪೂರ್ತಿ," ಅಂದೆ. ಸುಳ್ಳು ಹೇಳುವುದು ನನಗೆ ಬಾರದು, ಅದಕ್ಕೇ ಬಿಲ್ಲು ತೆಗೆದು ಲೆಕ್ಕಕ್ಕೆ ಇಳಿದೆ.

ಕೆತ್ತನೆ ಅಳಿಸುವ ಏಳುನೂರ ಇಪ್ಪತ್ತನ್ನು ಹೊಡೆದುಹಾಕಿದೆ. ಮಾರ್ಕು ಹೊಡೆಸದಿದ್ದುದು ನನ್ನ ತಪ್ಪು ಅಂದೆ. ಅಣ್ಣ ಒಪ್ಪಲಿಲ್ಲ. "ನಾನು ಬೆಳಗಾಗೆದ್ದು ಊರೋರ ಹಾಲಿಗೆಲ್ಲಾ ಕಟ್ ಮಾಡ್ತೀನಿ. ನನಗೆ ಬಿಟ್ಟುಬಿಟ್ರೆ ನಾಳೆ ಆ ಮಿಷನ್ ಮುಂದೆ ಹೆಂಗೆ ಕೂತ್ಕೊಳ್ಲಿ?" ಅಂದರು. ಕಿತ್ತಾಡಿ ಅರ್ಧಕ್ಕೆ ಬಂದೆವು, ಮುನ್ನೂರ ಅರವತ್ತು. ಜಾಲರಿಯ ಹಿಡಿಗೆ ನೂರೈವತ್ತು. ಒಟ್ಟು ಐನೂರ ಹತ್ತು ಹಿಡಿದು, ನಾಲ್ಕು ಸಾವಿರದ ನಾನೂರ ತೊಂಬತ್ತು ಎಣಿಸಿ ಮೇಜಿನ ಮೇಲೆ ಇಟ್ಟೆ.

ಅಣ್ಣ ಅದನ್ನು ಮುಟ್ಟಲಿಲ್ಲ. ಎದ್ದು ಹೋಗಿ ಕೊಪ್ಪರಿಗೆಯ ಮೇಲಿನ ಅಕ್ಷರಗಳನ್ನು ಕೈಯಿಂದ ಸವರಿದರು.

"ಅಕ್ಕ ನಂಬವ್ಳೆ ಅಂದ್ರಲ್ಲ," ಅಂದರು. "ನಂಬಿದ್ಮೇಲೆ ನಾನು ಅದನ್ನ ನಿಜ ಮಾಡ್ಲೇಬೇಕಲ್ಲಮ್ಮಾ. ಈ ದುಡ್ಡು ನಿಮ್ಮತ್ರಾನೇ ಇರ್ಲಿ. ಕೊಪ್ಪರಿಗೆ ರೇಟ್ ಹೇಳಿ. ತಿಂಗಳಿಗೆ ಐನೂರು ಕೊಡ್ತೀನಿ. ಅಕ್ಕನಿಗೆ ಮಾತ್ರ ಗೊತ್ತಾಗ್ಬಾರ್ದು."

ನಾನು ಪಾತ್ರೆ ಮಾರುವವಳಲ್ಲ ಎಂದು ಬೆಳಿಗ್ಗೆ ಹೇಳಿದ್ದೆ. ಅಪ್ಪ ನನ್ನ ಮುಖ ನೋಡುತ್ತಿದ್ದರು. ಒಂದು ಸಲ ಬಾಡಿಗೆಗೆ ಹೋಗಿ ಬಂದಿದೆ, ಮೈಮೇಲೆ ಬರಹ ಬೇರೆ, ಒಂಬತ್ತು ಸಾವಿರ ಅಂದೆ. ಡೆಪಾಸಿಟ್ಟಿನ ರಸೀದಿ ಹರಿದುಹಾಕಿ, ಕೊಪ್ಪರಿಗೆಯ ಬಾಬ್ತು ಬಂದದ್ದು ನಾಲ್ಕು ಸಾವಿರದ ನಾನೂರ ತೊಂಬತ್ತು ಎಂದು ಬೇರೆ ರಸೀದಿ ಬರೆದುಕೊಟ್ಟೆ.

ತಿಂಗಳ ಮೊದಲ ವಾರ ತಪ್ಪದೆ ಬರುತ್ತಿದ್ದರು. ಆಟೋ ಇಲ್ಲದಿದ್ದರೆ ಬಸ್ಸು, ಬಸ್ಸಿಲ್ಲದಿದ್ದರೆ ಡೇರಿಯ ಕ್ಯಾನ್ ಗಾಡಿ. ಐನೂರು ಕೊಟ್ಟು, ಕೊಪ್ಪರಿಗೆ ಅಂಗಡಿಯಲ್ಲಿದ್ದರೆ ಅದನ್ನೊಮ್ಮೆ ಸುತ್ತಿ ನೋಡಿ, ಬಾಡಿಗೆಗೆ ಹೋಗಿದ್ದರೆ "ಎಲ್ಲಿಗೆ ಹೋಗೈತೆ" ಎಂದು ಮಗಳ ವಿಷಯ ಕೇಳುವವರ ಹಾಗೆ ಕೇಳಿ ಹೋಗುತ್ತಿದ್ದರು. ಕೆತ್ತನೆ ಅಳಿಸಲು ನನಗೆ ಮನಸ್ಸಾಗಲಿಲ್ಲ. ಮಾಲೂರು, ಟೇಕಲ್ಲಿನವರೆಗೂ ಅದು ಪಾಯಸ ಬೇಯಿಸಿ ಬಂತು. ಗಿರಾಕಿಗಳು ಓದಿ, "ಯಾರ ಸೋದರಮಾವ?" ಎಂದು ಕೇಳಿದರೆ, "ಎಲ್ಲಾರ್ದೂ," ಅನ್ನುತ್ತಿದ್ದೆ.

ಆದರೆ ಇನ್ನೊಂದು ಕಡೆ ನನಗೆ ಗೊತ್ತಿಲ್ಲದ ಕತೆ ನಡೆಯುತ್ತಿತ್ತು. ಒಂದು ದಿನ ಅಕ್ಕ ಬಜಾರಿನಲ್ಲಿ ಸಿಕ್ಕಿ, ಬಿದ್ದು ಬಿದ್ದು ನಗುತ್ತಾ ಹೇಳಿದರು. ಅತ್ತೆ ಎರಡು ತಿಂಗಳಿಗೊಮ್ಮೆ ಬಾಡಿಗೆ ಎಷ್ಟು ಬಂತು ಎಂದು ಲೆಕ್ಕ ಕೇಳುತ್ತಾರಂತೆ. ಅಕ್ಕ ತಮ್ಮ ಹಾಲಿನ ದುಡ್ಡಿನಲ್ಲೇ ಮುನ್ನೂರು ತೆಗೆದು, 'ತಗೊಳ್ಳಿ ಅತ್ತೆ, ಕೊಪ್ಪರಿಗೆ ಬಾಡಿಗೆ' ಎಂದು ಕೊಡುತ್ತಾರಂತೆ. "ತವರಿನ ಮಾನ ಉಳಿಸಕ್ಕೆ ಬಾಡಿಗೆ ಕಟ್ತಾ ಇದೀನಿ ಕಣಮ್ಮಾ," ಅಂದರು. ನನಗೆ ನಾಲಿಗೆಯ ತುದಿಯವರೆಗೂ ಬಂತು, ನಿಮ್ಮ ತಮ್ಮ ಅಲ್ಲಿ ಕಂತು ಕಟ್ಟುತ್ತಾ ಇದ್ದಾರೆ ಎಂದು. ಆದರೆ ಇವರ ಗುಟ್ಟು ಅವರಿಗೆ, ಅವರ ಗುಟ್ಟು ಇವರಿಗೆ ಹೇಳಬಾರದೆಂದು ಇಬ್ಬರೂ ನನ್ನಿಂದ ಮಾತು ತೆಗೆದುಕೊಂಡಿದ್ದರು. ನನ್ನಂಥ ಬಾಯಿಬಡುಕಿಯ ಹೊಟ್ಟೆಯಲ್ಲಿ ಎರಡು ಗುಟ್ಟು! ಆ ಒಂಬತ್ತು ತಿಂಗಳು ನನಗೆ ಊಟ ಸರಿಯಾಗಿ ಸೇರಲಿಲ್ಲ.

ಒಂಬತ್ತನೇ ತಿಂಗಳು ಅಣ್ಣ ಐನೂರರ ನೋಟಿನ ಮೇಲೆ ಹತ್ತರ ಒಂದು ನಾಣ್ಯ ಇಟ್ಟರು. ಹತ್ತು ಬಿಡಿ ಅಂದರೆ ಬಿಡಲಿಲ್ಲ. 'ಒಂಬತ್ತು ಸಾವಿರ ಪೂರ್ತಿ ಸಂದಾಯ' ಎಂದು ರಸೀದಿ ಬರೆದುಕೊಟ್ಟೆ. ಎತ್ತಿಕೊಂಡು ಹೋಗಿ ಅಂದೆ. "ಬೇಡ, ಇಲ್ಲೇ ದುಡೀಲಿ. ಬಂದ ಬಾಡಿಗೆ ಅಕ್ಕನಿಗೆ ಕೊಡಿ," ಎಂದು ಹಗುರವಾಗಿ ಕೈ ಬೀಸಿಕೊಂಡು ಹೋದರು. ನಾನು ಮೊದಲು ಮಾಡಿದ ಕೆಲಸವೆಂದರೆ, ಆ ಕೊಪ್ಪರಿಗೆ ನಮ್ಮದಲ್ಲ ಎಂದು ನಮ್ಮ ಮಾರ್ಕಿನ ಪುಸ್ತಕದಲ್ಲಿ ಆಮೇಲೆ ಬರೆದಿದ್ದ ಅದರ ನಂಬರನ್ನು ಹೊಡೆದುಹಾಕಿದ್ದು.

ಆ ತಿಂಗಳು ಅದು ಎರಡು ಮದುವೆಗೆ ಹೋಗಿ ಎಂಟುನೂರು ದುಡಿಯಿತು. ದುಡ್ಡು ತೆಗೆದುಕೊಂಡು ನಾನೇ ಅಕ್ಕನ ಊರಿಗೆ ಹೋದೆ. ಅಕ್ಕ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು. ನೋಟುಗಳನ್ನು ಮುಂದೆ ಹಿಡಿದೆ.

"ಏನಮ್ಮಾ ಇದು?"

"ನಿಮ್ಮ ಕೊಪ್ಪರಿಗೆ ಬಾಡಿಗೆ ಅಕ್ಕಾ."

ಅಕ್ಕ ನಕ್ಕರು. "ನಾಟಕ ನನ್ನ ಹತ್ರಾನೇ ಆಡ್ತೀಯಾ? ಕೊಪ್ಪರಿಗೆ ನಿಂದಲ್ವಾ?"

"ನನ್ನದಾಗಿತ್ತು. ನಿಮ್ಮ ತಮ್ಮ ಡೆಪಾಸಿಟ್ ವಾಪಸ್ಸೇ ತಗೊಳ್ಳಿಲ್ಲ. ತಿಂಗಳಾ ತಿಂಗಳಾ ಐನೂರು ಕಟ್ಟಿ ಪೂರ್ತಿ ತೀರಿಸಿದ್ರು. ಈಗ ನಿಜವಾಗ್ಲೂ ನಿಮ್ಮದೇ."

ಅಕ್ಕನ ಕೈ ಕೆಚ್ಚಲ ಮೇಲೆ ಹಾಗೇ ನಿಂತಿತು. ಹಸು ಒಮ್ಮೆ ತಿರುಗಿ ನೋಡಿತು. ಅವತ್ತು ಸೌಟು ಹಿಡಿದುಕೊಂಡು ನಕ್ಕವರು, ಇವತ್ತು ಹಸುವಿನ ಹೊಟ್ಟೆಗೆ ಹಣೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತರು. ನನಗೂ ಅಳು ಬಂತು. ನಾನು ಮಾತು ಮುರಿದಿದ್ದಕ್ಕೆ ಅಣ್ಣ ಬೈಯಲಿ, ಬೈಸಿಕೊಳ್ಳುತ್ತೇನೆ ಎಂದುಕೊಂಡೆ.

ಹಜಾರದಿಂದ ಮುದುಕಿಯ ಗಂಟಲು ಕೇಳಿಸಿತು. "ಯಾರೇ ಅದು, ಪಾತ್ರೆ ಅಂಗಡಿಯೋಳಾ? ಈ ಸಲ ಬಾಡಿಗೆ ಎಷ್ಟು ಬಂತೇ?"

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕೈಯಿಂದ ದುಡ್ಡು ತೆಗೆದುಕೊಂಡು ಎದ್ದರು.

"ಬಂತು ಅತ್ತೇ," ಎಂದು ಕೂಗಿ ಹೇಳಿದರು. "ಈ ಸಲ ಪೂರ್ತಿ ಬಂತು."